ಚಾರ್ಜು ಓದಿದ ದಿನದಿಂದ ತೀರ್ಪಿನ ದಿನದವರೆಗೆ

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)

ನಮ್ಮ ಕೇರಿಗಳಲ್ಲಿ ಒಬ್ಬ ಹುಡುಗನ ಮೇಲೆ ಕೇಸು ಬಿದ್ದರೆ ಮನೆಯವರು ಮೊದಲು ಹುಡುಕೋದು ಲಾಯರನ್ನಲ್ಲ, ಓದೋಕೆ ಬರೋನನ್ನ. ಕೋರ್ಟಿನಿಂದ ಒಂದು ಕಾಗದ ಬಂದರೆ ಹಾಸ್ಟೆಲಿನಲ್ಲಿರೋ ತಮ್ಮನಿಗೆ ಫೋನು ಬರ್ತದೆ. 'ಏನಪ್ಪ ಬರ್ದವ್ರೆ ಇದ್ರಲ್ಲಿ, ಒಳಕ್ಕಾಕ್ತಾರ?' ಆ ತಮ್ಮ ನೀವು. ಅದಕ್ಕೇ ಈ ಮಾತನ್ನು ನಿಮ್ಮ ಮುಂದೆ ಆಡುತ್ತಿದ್ದೇವೆ. ಅರೆಸ್ಟು, ಜಾಮೀನು ಇವು ಮುಗಿದ ಮೇಲಿನ ದಾರಿ ಮಾತ್ರ ಇವತ್ತಿನ ವಿಷಯ. ಜಾಮೀನು ಸಿಕ್ಕ ದಿನವೇ ಕೇಸು ಮುಗೀತು ಅಂತ ತಿಳಿದು ಊರಿಗೆ ಹೋಗಿ ಕುಳಿತವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನಿಜವಾದ ಕೇಸು ಶುರುವಾಗೋದು ಅದರ ಆಮೇಲೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇದು ನಾವೇ ಕಟ್ಟಿಕೊಂಡ ಕೇಸು, ಯಾರದೂ ಅಲ್ಲ; ಆದರೆ ಇಂಥದು ಈ ಸೀಮೆಯಲ್ಲಿ ನಡೆಯೋದಿಲ್ಲ ಅಂತ ಯಾರೂ ಹೇಳಲಾರರು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರು. ಹಬ್ಬದ ರಾತ್ರಿ ಟೀ ಹೋಟೆಲಿನ ಮುಂದೆ ಮಾತಿಗೆ ಮಾತು ಬೆಳೀತು, ಹೊಡೆದಾಟ ಆಯ್ತು. ಮೇಲಿನ ಕೇರಿಯ ಒಬ್ಬನ ತಲೆಗೆ ಮಚ್ಚಿನ ಏಟು ಬಿತ್ತು. ಆರು ಜನರ ಮೇಲೆ ಕೇಸಾಯ್ತು. ನಮ್ಮ ಹುಡುಗ ಅದರಲ್ಲಿ ನಾಲ್ಕನೆಯವನು, ಕೋರ್ಟಿನ ಭಾಷೆಯಲ್ಲಿ 'ಎ-4'. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಕಡೆ ಕೂಲಿ ಮಾಡೋನು. ನಮ್ಮವರೂ ಅವತ್ತು ಏಟು ತಿಂದು, ಜಾತಿ ಹಿಡಿದು ಬೈದರು ಅಂತ ದೂರು ಕೊಟ್ಟಿದ್ದಾರೆ. ಅದು ಬೇರೆ ಕೇಸು. ಅದಕ್ಕೆ ಆಮೇಲೆ ಬರ್ತೇವೆ.

ಮೊದಲು ಯಾವ ಕಾನೂನು ಅನ್ನೋದು. 2024ರ ಜುಲೈ 1ಕ್ಕೆ ಮುಂಚಿನ ಅಪರಾಧಕ್ಕೆ ಹಳೆಯ ದಂಡ ಸಂಹಿತೆ. ಆ ದಿನಕ್ಕೆ ಕೋರ್ಟಿನಲ್ಲಿ ನಡೀತಾ ಇದ್ದ ವಿಚಾರಣೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರವೇ ಮುಂದುವರೀತದೆ. ಅಲ್ಲಿಂದೀಚೆಗೆ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಊರಲ್ಲಿ 'ತ್ರಿ ನಾಟ್ ಸೆವೆನ್' ಅಂತ ಎಲ್ಲರ ಬಾಯಲ್ಲೂ ಇದ್ದ ಕೊಲೆ ಯತ್ನದ ಕಲಂ ಈಗ 109. ನಂಬರುಗಳು ಬದಲಾದವು, ಕೆಲವು ಗಡುವುಗಳು ಸೇರಿದವು, ದಾರಿ ಮಾತ್ರ ಬಹುಪಾಲು ಅದೇ.

ಕೊಲೆ ಯತ್ನವನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡುವ ಹಾಗಿಲ್ಲ. ಪೊಲೀಸರು ಚಾರ್ಜ್ ಶೀಟನ್ನು ಶಿಡ್ಲಘಟ್ಟದ ಕೋರ್ಟಿಗೆ ಹಾಕ್ತಾರೆ. ಮ್ಯಾಜಿಸ್ಟ್ರೇಟರು ಕಾಗದಗಳ ನಕಲನ್ನು ಆರೋಪಿಗೆ ಪುಕ್ಕಟೆ ಕೊಟ್ಟು, ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸ್ತಾರೆ. ಅಲ್ಲಿ ಹೊಸ ನಂಬರು ಬೀಳ್ತದೆ, 'ಎಸ್.ಸಿ. ನಂಬರ್ ಇಷ್ಟು' ಅಂತ. ಇದನ್ನು ನೋಡಿ 'ನಮ್ಮ ಜಾತಿ ನೋಡ್ಕೊಂಡು ಬೇರೆ ಪಟ್ಟಿಗೆ ಹಾಕವ್ರೆ' ಅಂದುಕೊಳ್ಳುವ ಹಿರಿಯರಿದ್ದಾರೆ. ಹಾಗಲ್ಲ, ಎಸ್.ಸಿ. ಅಂದರೆ ಅಲ್ಲಿ ಸೆಷನ್ಸ್ ಕೇಸ್ ಅಂತ. ಸ್ಟೇಷನ್ನಿನ ಕ್ರೈಂ ನಂಬರು, ತಾಲ್ಲೂಕು ಕೋರ್ಟಿನ ನಂಬರು, ಈ ಎಸ್.ಸಿ. ನಂಬರು, ಮೂರನ್ನೂ ಒಂದು ನೋಟ್ ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಡಿ. ಆ ನೋಟ್ ಬುಕ್ಕು ಕೊನೆವರೆಗೂ ಬೇಕು.

ಲಾಯರ ವಿಷಯ ಇಲ್ಲೇ ಹೇಳಿಬಿಡ್ತೇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಪ್ರಕಾರ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗ್ತಾರೆ. ಜೈಲಿನಲ್ಲಿರುವವರಿಗೂ, ಹೆಣ್ಣುಮಕ್ಕಳಿಗೂ ಹಾಗೆಯೇ. ಜಾತಿ ಪ್ರಮಾಣ ಪತ್ರ ಹಿಡಿದು ಚಿಕ್ಕಬಳ್ಳಾಪುರದ ಜಿಲ್ಲಾ ಪ್ರಾಧಿಕಾರಕ್ಕೋ, ತಾಲ್ಲೂಕು ಸಮಿತಿಗೋ ಅರ್ಜಿ ಕೊಟ್ಟರಾಯ್ತು. ಇದು ದಾನ ಅಲ್ಲ. ಇರೋ ಒಂದು ಹಸು ಮಾರಿ ಫೀಸು ಕಟ್ಟೋಕೆ ಮುಂಚೆ ಇದನ್ನು ಮನೆಯವರಿಗೆ ಹೇಳಿ.

ಈಗ ಚಾರ್ಜು. ಪೊಲೀಸರ 'ಚಾರ್ಜ್ ಶೀಟು' ಬೇರೆ, ಕೋರ್ಟಿನ 'ಚಾರ್ಜು' ಬೇರೆ. ಚಾರ್ಜ್ ಶೀಟು ಅಂದರೆ ಪೊಲೀಸರು ಹೇಳೋ ಕತೆ. ಚಾರ್ಜು, ಅಂದರೆ ದೋಷಾರೋಪಣೆ, ಆ ಕತೆ ಓದಿದ ನ್ಯಾಯಾಧೀಶರು 'ಇಂಥ ದಿನ, ಇಂಥ ಜಾಗದಲ್ಲಿ, ನೀನು ಇಂಥದು ಮಾಡಿದೆ ಅಂತ ಆರೋಪ. ಇದಕ್ಕೆ ಉತ್ತರ ಕೊಡು' ಅಂತ ತಾವೇ ಬರೆಯುವುದು. ಅದಕ್ಕೆ ಮುಂಚೆ ಎರಡು ಕಡೆಯವರ ವಾದ ಕೇಳಬೇಕು. ಆರೋಪಿ 'ನನ್ನನ್ನು ಕೈಬಿಡಿ' ಅಂತ ಅರ್ಜಿ ಹಾಕಬಹುದು. ಹೊಸ ಸಂಹಿತೆಯಲ್ಲಿ ಇದಕ್ಕೆ ಗಡುವಿದೆ: ಕೇಸು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ 60 ದಿನದೊಳಗೆ ಹಾಕಬೇಕು. ಮೊದಲ ಎರಡು ತಿಂಗಳು ಲಾಯರೇ ಇಲ್ಲದೆ ಕಳೆದವರು ಈ ಅವಕಾಶವನ್ನ ಅಲ್ಲೇ ಬಿಟ್ಟುಬಿಡ್ತಾರೆ.

ಮನೆಯವರು ಇಲ್ಲಿ ಒಂದು ಕೇಳ್ತಾರೆ: 'ಅವತ್ತು ಅವ್ನು ಊರಲ್ಲೇ ಇರ್ಲಿಲ್ಲ ಸಾರ್, ನೂಲಿನ ಕೆಲಸದಲ್ಲಿದ್ದ, ಮಾಲೀಕರ ಹಾಜರಿ ಪುಸ್ತಕ ಐತೆ, ಜಡ್ಜಿಗೆ ತೋರ್ಸಿದ್ರೆ ಬಿಡಲ್ವ?' ಈ ಹಂತದಲ್ಲಿ ಬಿಡಲ್ಲ. ಚಾರ್ಜಿನ ಹೊತ್ತಿಗೆ ನ್ಯಾಯಾಧೀಶರು ನೋಡೋದು ಪೊಲೀಸರು ತಂದ ಕಾಗದಗಳನ್ನು ಮಾತ್ರ. ಆರೋಪಿ ತನ್ನ ಕಡೆಯ ದಾಖಲೆಗಳನ್ನು ಆಗ ತೋರಿಸಲಾಗದು ಅಂತ ಸುಪ್ರೀಂ ಕೋರ್ಟು ಒಡಿಶಾದ ಒಂದು ಕೇಸಿನಲ್ಲಿ 2004ರ ಕೊನೆಯಲ್ಲಿ ಹೇಳಿದೆ. ಪೊಲೀಸರ ಕಾಗದಗಳನ್ನೇ ಪೂರ್ತಿ ನಂಬಿದರೂ ಅಪರಾಧ ಕಾಣದಿದ್ದರೆ ಮಾತ್ರ ಬಿಡುಗಡೆ. ಹಾಗಾಗಿ ಚಾರ್ಜು ಬಿತ್ತು ಅಂದರೆ ಸೋತೆವು ಅಂತಲ್ಲ. ಹಾಜರಿ ಪುಸ್ತಕಕ್ಕೂ ಕಾಲ ಬರ್ತದೆ. ಅಲ್ಲೀವರೆಗೆ ಅದು ಹರಿಯದೆ, ತಿದ್ದದೆ ಮಾಲೀಕನ ಹತ್ತಿರ ಇರೋ ಹಾಗೆ ನೋಡಿಕೊಳ್ಳಬೇಕು ಅಷ್ಟೆ.

ನಮ್ಮ ಹುಡುಗನ ಚಾರ್ಜಿನಲ್ಲಿ 109ರ ಜೊತೆಗೆ 190 ಅಂತ ಒಂದು ಕಲಂ ಇರ್ತದೆ. ಹಳೆಯದರಲ್ಲಿ ಇದು 149. ಮನೆಯವರಿಗೆ ಅತಿ ಕಷ್ಟವಾಗಿ ಅರ್ಥವಾಗೋದು ಇದೇ. 'ಅವ್ನು ಯಾರ್ನೂ ಮುಟ್ಟಿಲ್ಲ' ಅಂತ ತಾಯಿ ಅಳ್ತಾಳೆ. ಆದರೆ ಐದು ಅಥವಾ ಹೆಚ್ಚು ಜನ ಒಂದೇ ಕೆಟ್ಟ ಉದ್ದೇಶಕ್ಕೆ ಗುಂಪು ಕೂಡಿದ್ದರು, ಆ ಗುಂಪಿನಲ್ಲಿ ಇವನೂ ಇದ್ದ ಅಂತ ರುಜುವಾದರೆ, ಮಚ್ಚು ಬೀಸಿದವನಿಗೆ ಏನು ಶಿಕ್ಷೆಯೋ ಕೈಕಟ್ಟಿ ನಿಂತವನಿಗೂ ಅದೇ ಶಿಕ್ಷೆ ಬರಬಹುದು. ಆದ್ದರಿಂದ ನಮ್ಮ ಹುಡುಗನ ಕೇಸು 'ಹೊಡೆದನಾ ಇಲ್ಲವಾ' ಅನ್ನೋದರ ಮೇಲೆ ನಿಲ್ಲೋದಿಲ್ಲ. 'ಅಲ್ಲಿ ಇದ್ದನಾ, ಇದ್ದರೆ ಗುಂಪಿನವನಾಗಿ ಇದ್ದನಾ, ನೋಡೋಕೆ ಬಂದವನಾಗಿ ಇದ್ದನಾ' ಅನ್ನೋದರ ಮೇಲೆ ನಿಲ್ತದೆ.

ಚಾರ್ಜು ಬರೆದ ಮೇಲೆ ಓದಿ ಹೇಳಿ, 'ತಪ್ಪು ಒಪ್ಪಿಕೊಳ್ತೀಯಾ?' ಅಂತ ಕೇಳ್ತಾರೆ. ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಅಪ್ಪ ತಾತಂದಿರಿಗೆ ದೊಡ್ಡವರ ಮುಂದೆ ನಿಂತರೆ ಬಾಯಿಗೆ ಬರೋ ಮೊದಲ ಮಾತು 'ತಪ್ಪಾಯ್ತು ಬುದ್ಧಿ'. ತಪ್ಪು ಮಾಡಿರಲಿ ಬಿಡಲಿ. ಗೌಡರ ಜಗಲಿ ಮುಂದೆ ತಲೆತಲಾಂತರ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು ಅದು. ಸೆಷನ್ಸ್ ಕೋರ್ಟಿನಲ್ಲಿ ಈ ಪ್ರಶ್ನೆಗೆ ಅದನ್ನೇ ಹೇಳಿದರೆ ತಪ್ಪೊಪ್ಪಿಗೆ ಅಂತ ಬರೆದುಕೊಂಡು, ಅದರ ಮೇಲೆಯೇ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ಬಹಳ ನ್ಯಾಯಾಧೀಶರು ಹುಡುಗ ಹೆದರಿ ಹೇಳಿದ್ದು ಅಂತ ತಿಳಿದು ವಿಚಾರಣೆಗೇ ಇಡ್ತಾರೆ, ಆದರೆ ಅದನ್ನು ನಂಬಿ ಕೂರೋಕಾಗಲ್ಲ. ಮನೆಯಲ್ಲಿ ಹಿಂದಿನ ರಾತ್ರಿಯೇ ಕೂರಿಸಿಕೊಂಡು ಹೇಳಿಕೊಡಿ: 'ಇಲ್ಲ ಸ್ವಾಮಿ, ನಾನು ತಪ್ಪು ಮಾಡಿಲ್ಲ, ವಿಚಾರಣೆ ನಡೀಲಿ.' ಇಷ್ಟೇ.

ಇನ್ನೊಂದು. ಗೌರಿಬಿದನೂರು, ಚಿಂತಾಮಣಿ ಕಡೆ ನಮ್ಮ ಎಷ್ಟೋ ಮನೆಗಳ ಮಾತು ತೆಲುಗು. ಕೋರ್ಟಿನ ಕಾಗದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರ್ತದೆ. ಆರೋಪಿಗೆ ಅರ್ಥವಾಗುವ ಹಾಗೆ ಓದಿ ವಿವರಿಸಬೇಕು ಅನ್ನೋದು ಕಾನೂನೇ. 'ಅರ್ಥ ಆಗ್ಲಿಲ್ಲ ಸ್ವಾಮಿ' ಅಂತ ಹೇಳೋದು ನಾಚಿಕೆಗೇಡಲ್ಲ. ಅರ್ಥವಾಗದೆ ತಲೆ ಆಡಿಸೋದೇ ಅಪಾಯ.

ಇನ್ನು ವಾಯಿದೆಗಳು. ಪ್ರತಿ ವಾಯಿದೆಗೂ ಆರೋಪಿ ಹಾಜರಿರಬೇಕು. ಬಸ್ಸು ತಪ್ಪಿತು, ಕೂಲಿ ಹೋಗ್ತದೆ, ಹೆಂಡತಿಗೆ ಹೆರಿಗೆ, ಯಾವುದೇ ಇರಲಿ, ಅವತ್ತೇ ಬೆಳಿಗ್ಗೆ ಲಾಯರಿಗೆ ತಿಳಿಸಿ ಗೈರುಹಾಜರಿಗೆ ಅರ್ಜಿ ಹಾಕಿಸಬೇಕು. ಹೆಸರು ಕೂಗಿದಾಗ ಆಸಾಮಿಯೂ ಇಲ್ಲ, ಅರ್ಜಿಯೂ ಇಲ್ಲ ಅಂದರೆ ವಾರಂಟು. ಜಾಮೀನು ಕೊಟ್ಟು ಪಹಣಿ ಇಟ್ಟವರಿಗೆ ನೋಟೀಸು. ಒಬ್ಬ ಬಡ ರೈತ ನಮ್ಮ ಹುಡುಗನಿಗೋಸ್ಕರ ತನ್ನ ಎರಡು ಎಕರೆಯ ಪಹಣಿ ಕೊಟ್ಟಿರ್ತಾನೆ, ಅದನ್ನ ಮರೀಬಾರ್ದು. ಯಾವ ಊರಿನ ಕೋರ್ಟು ಅನ್ನೋದನ್ನೂ ಸರಿಯಾಗಿ ಕೇಳಿಕೊಳ್ಳಿ. ಸೆಷನ್ಸ್ ಕೋರ್ಟು ಚಿಕ್ಕಬಳ್ಳಾಪುರದಲ್ಲೂ ಇದೆ, ಚಿಂತಾಮಣಿಯಲ್ಲಿ ಕೂರುವ ಹೆಚ್ಚುವರಿ ಸೆಷನ್ಸ್ ಕೋರ್ಟೂ ಇದೆ. ಒಂದು ಕಡೆ ಕೂಗೋವಾಗ ಇನ್ನೊಂದು ಕಡೆ ಕಾಯ್ತಾ ನಿಂತರೆ ವಾರಂಟು ವಾರಂಟೇ.

ಈಗ ಸಾಕ್ಷಿ ವಿಚಾರಣೆ. ಕೇಸಿನ ಜೀವ ಇರೋದು ಇಲ್ಲಿ, ತೀರ್ಪಿನ ದಿನ ಅಲ್ಲ. ಕೊಟ್ಟ ನಕಲುಗಳಲ್ಲಿ ಸಾಕ್ಷಿಗಳು ಪೊಲೀಸರ ಮುಂದೆ ಹೇಳಿದರು ಅಂತ ಬರೆದ ಹೇಳಿಕೆಗಳಿರ್ತವೆ. ಮನೆಯವರು ಅದನ್ನ ಓದಿಸಿಕೊಂಡು 'ಇಷ್ಟು ಜನ ನಮ್ ಹುಡ್ಗನ್ ಹೆಸ್ರು ಹೇಳವ್ರೆ, ಮುಗೀತು' ಅಂತ ಎದೆ ಒಡೆದುಕೊಳ್ತಾರೆ. ಆ ಹೇಳಿಕೆಗಳು ಸಾಕ್ಷ್ಯವೇ ಅಲ್ಲ. ಸಾಕ್ಷಿ ಕಟಕಟೆ ಹತ್ತಿ, ಪ್ರಮಾಣ ಮಾಡಿ, ನ್ಯಾಯಾಧೀಶರ ಮುಂದೆ ಏನು ಹೇಳ್ತಾನೋ ಅದೇ ಸಾಕ್ಷ್ಯ. ಪೊಲೀಸರ ಮುಂದಿನ ಹೇಳಿಕೆಯ ಉಪಯೋಗ ಮುಖ್ಯವಾಗಿ ಒಂದೇ: ಸಾಕ್ಷಿ ಅಲ್ಲಿ ಒಂದು ಹೇಳಿ ಇಲ್ಲಿ ಇನ್ನೊಂದು ಹೇಳಿದರೆ, ಆ ವ್ಯತ್ಯಾಸವನ್ನು ತೋರಿಸೋದಕ್ಕೆ.

ಮೊದಲು ಸರ್ಕಾರಿ ವಕೀಲರು ತಮ್ಮ ಸಾಕ್ಷಿಯನ್ನು ಕೇಳ್ತಾರೆ. ಇದು ಮುಖ್ಯ ವಿಚಾರಣೆ. ಆಮೇಲೆ ನಮ್ಮ ವಕೀಲರದು ಪಾಟೀ ಸವಾಲು. ನಮ್ಮ ಉದಾಹರಣೆಗೇ ಬನ್ನಿ. ಒಂದನೇ ಸಾಕ್ಷಿ ದೂರುದಾರ, ಏಟು ತಿಂದವನ ತಮ್ಮ. ಕೋರ್ಟಿನಲ್ಲಿ ಬೆರಳು ತೋರಿಸಿ 'ಈ ನಾಲ್ಕನೇ ಆರೋಪಿ ಕೈಲಿ ಕಲ್ಲು ಹಿಡ್ಕೊಂಡು ಬಿಡಬ್ಯಾಡ್ರಿ ಅವನ್ನ ಅಂತ ಕೂಗ್ತಿದ್ದ' ಅಂತಾನೆ. ಗುಂಪಿನ ಕಲಂಗೆ ಈ ಒಂದು ಮಾತು ಸಾಕು. ಆದರೆ ಅದೇ ರಾತ್ರಿ ಅವನು ಸ್ಟೇಷನ್ನಿನಲ್ಲಿ ಕೊಟ್ಟ ದೂರನ್ನು ತೆಗೆದು ನೋಡಿ. ಅದರಲ್ಲಿ ಮೂವರ ಹೆಸರಿದೆ, 'ಮತ್ತು ಇತರರು' ಅಂತಿದೆ. ನಮ್ಮ ಹುಡುಗನ ಹೆಸರಿಲ್ಲ, ಕಲ್ಲಿಲ್ಲ, ಕೂಗಿಲ್ಲ. ಒಂದೇ ಊರಿನವರು, ಹುಟ್ಟಿದಾಗಿಂದ ಮುಖ ಬಲ್ಲವರು. ಹೆಸರು ಬಂದದ್ದು ನಾಲ್ಕು ದಿನ ಆದಮೇಲೆ ಬರೆದುಕೊಂಡ ಹೇಳಿಕೆಯಲ್ಲಿ.

ಪಾಟೀ ಸವಾಲಿನಲ್ಲಿ ವಕೀಲರು ದೂರನ್ನು ಸಾಕ್ಷಿಯ ಕೈಗೆ ಕೊಟ್ಟು, 'ಇದರಲ್ಲಿ ನಾಲ್ಕನೇ ಆರೋಪಿ ಹೆಸರು ಬರೆಸಿದ್ದೀರಾ?' ಅಂತ ಕೇಳಬೇಕು. ಕಲ್ಲಿನ ಮಾತು ಬೇರೆ ಸಾಕ್ಷಿಗಳ ಪೊಲೀಸ್ ಹೇಳಿಕೆಯಲ್ಲಿ ಇಲ್ಲದಿದ್ದರೆ ಅವರಿಗೂ ಹಾಗೆಯೇ: 'ಪೊಲೀಸರ ಮುಂದೆ ಇದನ್ನು ಹೇಳಿದ್ದೀರಾ?' ಸಾಕ್ಷಿ 'ಹೇಳಿದ್ದೆ ಸ್ವಾಮಿ, ಅವ್ರು ಬರ್ಕೊಂಡಿಲ್ಲ' ಅಂತಾನೆ. ಬಹಳ ಜನ ಇಲ್ಲಿಗೇ ಮುಗೀತು ಅಂದುಕೊಳ್ತಾರೆ. ಮುಗಿದಿಲ್ಲ. ಕೊನೆಯಲ್ಲಿ ತನಿಖಾಧಿಕಾರಿ ಕಟಕಟೆಗೆ ಬಂದಾಗ, 'ಈ ಸಾಕ್ಷಿ ನಿಮ್ಮ ಮುಂದೆ ಹಾಗೆ ಹೇಳಿದ್ದನಾ?' ಅಂತ ಅವರನ್ನೂ ಕೇಳಿ, 'ಇಲ್ಲ' ಅನ್ನೋದು ದಾಖಲೆಗೆ ಬಂದರೆ ಮಾತ್ರ ಆ ವ್ಯತ್ಯಾಸ ರುಜುವಾತಾದಂತೆ. ಮೊದಲ ಸಾಕ್ಷಿಗೂ ತನಿಖಾಧಿಕಾರಿಗೂ ನಡುವೆ ಎರಡು ವರ್ಷ ಕಳೆದಿರಬಹುದು, ಲಾಯರೇ ಬದಲಾಗಿರಬಹುದು. ಅಷ್ಟು ಹೊತ್ತಿಗೆ ಯಾರಿಗೂ ನೆನಪಿರೋದಿಲ್ಲ. ನಿಮ್ಮ ನೋಟ್ ಬುಕ್ಕು ಬೇಕಾಗೋದು ಇದಕ್ಕೇ. ಒಂದೊಂದು ಸಾಕ್ಷಿಗೂ ಒಂದು ಪುಟ: ದೂರಿನಲ್ಲಿ ಅಥವಾ ಹೇಳಿಕೆಯಲ್ಲಿ ಏನಿತ್ತು, ಕೋರ್ಟಿನಲ್ಲಿ ಏನಂದ, ತನಿಖಾಧಿಕಾರಿಯನ್ನು ಏನು ಕೇಳಬೇಕು. ಸಾಕ್ಷಿ ನುಡಿದ ಹೇಳಿಕೆಯ ನಕಲಿಗೆ ಆಗಿಂದಾಗ್ಗೆ ಅರ್ಜಿ ಹಾಕಿಸಿ ತಗೊಳ್ಳಿ.

ದೊಡ್ಡ ಅನಾಹುತ ಆಗೋದು ಇನ್ನೊಂದು ಕಡೆ. ಮುಖ್ಯ ಸಾಕ್ಷಿ ಬಂದು ಮುಖ್ಯ ವಿಚಾರಣೆ ಮುಗಿದಿರ್ತದೆ, ನಮ್ಮ ವಕೀಲರು ಅವತ್ತು ಬಂದಿರೋದಿಲ್ಲ. ನ್ಯಾಯಾಧೀಶರು 'ಪಾಟೀ ಸವಾಲು ಇಲ್ಲ' ಅಂತ ಬರೆದು ಮುಂದೆ ಹೋಗ್ತಾರೆ. ಹಾಗೆ ಬಿಟ್ಟರೆ ಆ ಸಾಕ್ಷಿ ಹೇಳಿದ್ದೆಲ್ಲ ಪ್ರಶ್ನೆಯೇ ಇಲ್ಲದೆ ನಿಂತುಬಿಡ್ತದೆ. ಸಾಕ್ಷಿಯನ್ನು ಮತ್ತೆ ಕರೆಸಿ ಅಂತ ತಕ್ಷಣ ಅರ್ಜಿ ಹಾಕಬಹುದು. ಹಳೆಯದರಲ್ಲಿ 311, ಹೊಸದರಲ್ಲಿ 348. ಎಷ್ಟು ತಡ ಮಾಡ್ತೇವೋ ಅಷ್ಟು ಕಷ್ಟ. ವಾಯಿದೆ ಮುಗಿದ ಸಂಜೆ ಲಾಯರನ್ನು ಕೇಳಬೇಕಾದ ಪ್ರಶ್ನೆ 'ಏನಾಯ್ತು ಸಾರ್' ಅಲ್ಲ. 'ಇವತ್ತು ಯಾವ ಸಾಕ್ಷಿ ಬಂದಿದ್ರು, ಪಾಟೀ ಸವಾಲು ಆಯ್ತಾ?' ಅಂತ ಕೇಳಿ.

ಪಂಚರು, ಡಾಕ್ಟರು, ಎಫ್.ಎಸ್.ಎಲ್. ವರದಿ ಇವುಗಳ ಬಗ್ಗೆ ಹೆಚ್ಚು ಹೇಳಲ್ಲ. ಪಂಚನಾಮೆಗೆ ಸಹಿ ಹಾಕಿದವರು ಬಂದು 'ಸ್ಟೇಷನ್ ಹತ್ರ ಕರ್ದು ಸೈನ್ ಹಾಕಿಸ್ಕೊಂಡ್ರು' ಅನ್ನೋದು ದಿನಾ ನಡೆಯೋ ಮಾತು. ಆಗ ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಅಂತ ಕರೆದು ತಾವೇ ಪಾಟೀ ಸವಾಲು ಮಾಡ್ತಾರೆ. ಪ್ರತಿಕೂಲ ಆದ ಮಾತ್ರಕ್ಕೆ ಆ ಸಾಕ್ಷಿ ಹೇಳಿದ್ದೆಲ್ಲ ಅಳಿಸಿ ಹೋಗೋದಿಲ್ಲ, ಅದರಲ್ಲಿ ನಂಬುವಂಥದನ್ನು ನ್ಯಾಯಾಧೀಶರು ತೆಗೆದುಕೊಳ್ಳಬಹುದು.

ಈ ಮಾತು ಬಂದಾಗ ಕಂಬಾಲಪಲ್ಲಿ ನೆನಪಾಗದೆ ಇರೋದಿಲ್ಲ. ಇದೇ ಚಿಂತಾಮಣಿ ತಾಲ್ಲೂಕು, ಆಗ ಕೋಲಾರ ಜಿಲ್ಲೆ. 2000ನೇ ಇಸವಿ ಮಾರ್ಚ್ 11ರ ರಾತ್ರಿ ನಮ್ಮ ಏಳು ಜನರನ್ನು ಸುಟ್ಟರು. 2006ರ ಡಿಸೆಂಬರಿನಲ್ಲಿ ಸೆಷನ್ಸ್ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಟ್ಟಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರ ಆಗಸ್ಟಿನಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡೀತು. ಏಳು ಜನ ಸತ್ತದ್ದು ಸುಳ್ಳಲ್ಲ, ಆದರೆ ಕಟಕಟೆಯಲ್ಲಿ ನಿಂತು 'ಇವರೇ' ಅಂತ ಹೇಳುವ ಬಾಯಿ ಉಳೀಲಿಲ್ಲ. ಭಯದ ನಡುವೆ ಆರು ವರ್ಷ ಬದುಕಿ ಆಮೇಲೆ ಸಾಕ್ಷಿ ಹೇಳು ಅಂದರೆ ಯಾರ ಬಾಯಿ ಉಳೀತದೆ?

ಇದನ್ನ ಯಾಕೆ ಹೇಳಿದೆವು ಅಂದರೆ, ಇವತ್ತು ಆರೋಪಿ ನಮ್ಮ ಕಡೆಯವನು. ಊರಿನಲ್ಲಿ ಯಾರೋ ಒಬ್ಬರು ಮನೆಯವರಿಗೆ ಹೇಳೇ ಹೇಳ್ತಾರೆ: 'ಸಾಕ್ಷಿಗಳ್ನ ನೋಡ್ಕೊಂಡ್ರೆ ಆಯ್ತು, ಎಲ್ರೂ ಹಂಗೇ ಮಾಡೋದು.' ಕಂಬಾಲಪಲ್ಲಿಗೆ ಎದೆ ಬಡಿದುಕೊಂಡ ನಾವು ಈ ಮಾತಿಗೆ ತಲೆ ಆಡಿಸೋಕಾಗಲ್ಲ. ನ್ಯಾಯದ ಮಾತು ಪಕ್ಕಕ್ಕಿಡಿ, ಲೆಕ್ಕದ ಮಾತೇ ಆಡೋಣ. ಸಾಕ್ಷಿಯ ಮನೆ ಬಾಗಿಲಿಗೆ ಹೋದರೆ ಜಾಮೀನು ರದ್ದಾಗ್ತದೆ, ಹೊಸ ಕೇಸು ಬೀಳ್ತದೆ. ನಮ್ಮ ಅಟ್ರಾಸಿಟಿ ಕೇಸಿನ ಸಾಕ್ಷಿಗಳ ಮನೆಗೆ ಅವರು ಬಂದಾಗ ನಾವು ಯಾವ ಬಾಯಲ್ಲಿ ದೂರು ಕೊಡೋದು? 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ ಎಲ್ಲ ರಾಜ್ಯಗಳಿಗೂ ಜಾರಿ ಮಾಡಿದೆ. ನಮ್ಮ ಸಾಕ್ಷಿಗಳಿಗೆ ಬೆದರಿಕೆ ಬಂದರೆ ಅದರ ಕೆಳಗೆ ರಕ್ಷಣೆ ಕೇಳಬಹುದು. ಊರ ಪಂಚಾಯ್ತಿಯಲ್ಲಿ ರಾಜಿ ಆಯ್ತು, ಕೇಸು ವಾಪಸ್ಸು ಅನ್ನೋದೂ ನಡೆಯಲ್ಲ. ಕೊಲೆ ಯತ್ನ ರಾಜಿಗೆ ಒಳಪಡುವ ಅಪರಾಧ ಅಲ್ಲ. ಸೆಷನ್ಸ್ ಕೋರ್ಟು ರಾಜಿ ಕಾಗದ ನೋಡಿ ಫೈಲು ಮುಚ್ಚೋದಿಲ್ಲ.

ಅಟ್ರಾಸಿಟಿ ಕೇಸು ಅಂದೆವಲ್ಲ. ಒಂದೇ ಗಲಾಟೆಗೆ ಎರಡು ಕಡೆ ಕೇಸಿದ್ದರೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದಾದ ಮೇಲೊಂದು ವಿಚಾರಣೆ ಮಾಡಿ, ಎರಡರ ತೀರ್ಪನ್ನೂ ಬೆನ್ನಿಗೆ ಬೆನ್ನು ಕೊಡೋದು ಸರಿ ಅಂತ ಸುಪ್ರೀಂ ಕೋರ್ಟು 1990ರಷ್ಟು ಹಿಂದೆಯೇ ಹೇಳಿದೆ. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಸೇರಿಸುವ ಹಾಗಿಲ್ಲ. ಆದರೆ ಗಲಾಟೆಯ ಪೂರ್ತಿ ಚಿತ್ರ ಒಬ್ಬರ ಕಣ್ಣಿಗೆ ಬೀಳ್ತದೆ. ಇದು ತಾನಾಗಿ ಆಗೋದಿಲ್ಲ, ನಮ್ಮ ವಕೀಲರು ಕೇಳಬೇಕು. ನಮ್ಮ ಕೇಸು ಒಂದು ಕೋರ್ಟಿನಲ್ಲಿ ಮಲಗಿ, ಅವರ ಕೇಸು ಇನ್ನೊಂದರಲ್ಲಿ ಓಡಿದರೆ ಏಟು ತಿಂದವರೇ ಅಪರಾಧಿಗಳ ಹಾಗೆ ಕಾಣೋಕೆ ಶುರುವಾಗ್ತಾರೆ.

ಸರ್ಕಾರದ ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯ ಹೇಳಿಕೆ. ವಕೀಲರ ಬಾಯಲ್ಲಿ ಇದಕ್ಕೆ 'ತ್ರೀ ಥರ್ಟೀನ್' ಅಂತಲೇ ಹೆಸರು, ಹೊಸದರಲ್ಲಿ 351. ಇಡೀ ವಿಚಾರಣೆಯಲ್ಲಿ ನ್ಯಾಯಾಧೀಶರು ಆರೋಪಿಯ ಮುಖ ನೋಡಿ ಮಾತಾಡಿಸೋದು ಇದೊಂದೇ ಸಲ ಅನ್ನಬಹುದು. ಪ್ರಮಾಣ ಮಾಡಿಸೋದಿಲ್ಲ. ಉತ್ತರ ಕೊಡದಿದ್ದರೂ, ಸುಳ್ಳು ಉತ್ತರ ಕೊಟ್ಟರೂ ಅದಕ್ಕಾಗಿ ಶಿಕ್ಷೆ ಇಲ್ಲ. ಆದರೆ ಕೊಟ್ಟ ಉತ್ತರವನ್ನು ತೀರ್ಪಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸಾಕ್ಷ್ಯದಲ್ಲಿ ಆರೋಪಿಯ ವಿರುದ್ಧ ಬಂದ ಒಂದೊಂದು ಅಂಶವನ್ನೂ ಅವನ ಮುಂದಿಟ್ಟು 'ಇದಕ್ಕೆ ಏನಂತೀಯ?' ಅಂತ ಕೇಳಬೇಕು. ಕೇಳದೆ ಬಿಟ್ಟ ಅಂಶವನ್ನು ಅವನ ವಿರುದ್ಧ ಬಳಸುವ ಹಾಗಿಲ್ಲ ಅಂತ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಷ್ಟು ಬೆಲೆಯ ಘಟ್ಟವನ್ನು ನಮ್ಮವರು ಹೇಗೆ ಕಳೀತಾರೆ ಗೊತ್ತಾ? ಟೈಪಾದ ಪ್ರಶ್ನೆಗಳನ್ನು ಒಂದರ ಹಿಂದೊಂದು ಓದ್ತಾರೆ, ಹುಡುಗ 'ಸುಳ್ಳು, ಸುಳ್ಳು, ಗೊತ್ತಿಲ್ಲ' ಅಂತಾನೆ, ಸಹಿ ಹಾಕ್ತಾನೆ, ಹೊರಗೆ ಬರ್ತಾನೆ. ಹತ್ತು ನಿಮಿಷ. ಕಲ್ಲಿನ ಪ್ರಶ್ನೆಗೆ 'ಸುಳ್ಳು' ಅನ್ನೋದು ಸರಿ. ಆದರೆ ಕೊನೆಯಲ್ಲಿ 'ಬೇರೇನಾದರೂ ಹೇಳೋದಿದೆಯಾ?' ಅಂತ ಕೇಳಿದಾಗಲೂ 'ಇಲ್ಲ' ಅಂದರೆ, ಹಾಜರಿ ಪುಸ್ತಕದ ಮಾತು ಯಾವಾಗ ಹೇಳೋದು? ಅಲ್ಲಿ ಹೇಳಬೇಕು: 'ಆ ರಾತ್ರಿ ನಾನು ಇಂಥವರ ಹತ್ತಿರ ನೂಲು ಬಿಚ್ಚೋ ಕೆಲಸದಲ್ಲಿದ್ದೆ, ದೂರಿನಲ್ಲಿ ನನ್ನ ಹೆಸರಿಲ್ಲ, ನಾಲ್ಕು ದಿನ ಆದಮೇಲೆ ಸೇರಿಸಿದರು.' ಬರೆದೂ ಕೊಡಬಹುದು. ಇನ್ನೂ ಒಳ್ಳೆಯದು, ಮೊದಲನೇ ಸಾಕ್ಷಿಯ ಪಾಟೀ ಸವಾಲಿನಲ್ಲೇ ವಕೀಲರು 'ಅವನು ಅವತ್ತು ಕೆಲಸದಲ್ಲಿದ್ದ' ಅಂತ ಸೂಚಿಸಿರಬೇಕು. ಕೊನೆಗೆ ಒಂದೇ ಸಲ ಹೊರಗೆ ಬಂದ ಕತೆಯನ್ನ ಯಾವ ನ್ಯಾಯಾಧೀಶರೂ ಸುಲಭಕ್ಕೆ ನಂಬೋದಿಲ್ಲ.

ಇದಾದ ಮೇಲೆ, ವಿರುದ್ಧವಾಗಿ ಸಾಕ್ಷ್ಯವೇ ಇಲ್ಲ ಅನ್ನಿಸಿದರೆ ನ್ಯಾಯಾಧೀಶರು ಅಲ್ಲೇ ಬಿಡಬಹುದು, ಅದು ಅಪರೂಪ. ಇಲ್ಲದಿದ್ದರೆ ನಮ್ಮ ಕಡೆಯ ಸಾಕ್ಷ್ಯ. ಮಾಲೀಕ ಹಾಜರಿ ಪುಸ್ತಕದ ಜೊತೆ ಬರಬೇಕು. ಮೇಲಿನ ಕೇರಿಯವರ ಜೊತೆ ವ್ಯಾಪಾರ ಇಟ್ಟುಕೊಂಡವನು ತಾನಾಗಿ ಬರಲಾರ. ಕೋರ್ಟಿನಿಂದ ಸಮನ್ಸ್ ಕೊಡಿಸಬಹುದು. ಒಂದು ಎಚ್ಚರಿಕೆ. ತಾನು ಬೇರೆ ಕಡೆ ಇದ್ದೆ ಅನ್ನುವವನೇ ಅದನ್ನು ರುಜುವಾತು ಮಾಡಬೇಕು. ಪುಸ್ತಕದಲ್ಲಿ ಅವತ್ತಿನ ಸಾಲು ಬೇರೆ ಶಾಯಿಯಲ್ಲಿದ್ದರೆ, ಹಿಂದು ಮುಂದಿನ ದಿನಗಳಿಗೆ ಹೊಂದದಿದ್ದರೆ, ಅದನ್ನು ತೋರಿಸದೆ ಇರೋದೇ ಮೇಲು. ಸುಳ್ಳು ಪುಸ್ತಕ ಒಂದು ತಂದರೆ ದೂರುದಾರನ ನಿಜವಾದ ತೊಡಕು ಕೂಡ ಮರೆಯಾಗ್ತದೆ.

ವಾದದಲ್ಲಿ ಸರ್ಕಾರಿ ವಕೀಲರು ಮೊದಲು, ನಮ್ಮವರು ಆಮೇಲೆ. ವಾದ ಮುಗಿದ 30 ದಿನದೊಳಗೆ, ಕಾರಣ ಬರೆದರೆ 45 ದಿನದವರೆಗೆ, ತೀರ್ಪು ಕೊಡಬೇಕು ಅಂತ ಹೊಸ ಸಂಹಿತೆ ಹೇಳ್ತದೆ.

ತೀರ್ಪಿನ ದಿನಕ್ಕೆ ಮನೆಯವರು ಎರಡು ತಯಾರಿ ಮಾಡಿಕೊಂಡು ಹೋಗಬೇಕು. ಅಪರಾಧಿ ಅಂತ ಬಂದರೆ, ಜಾಮೀನಿನಲ್ಲಿದ್ದ ಹುಡುಗನನ್ನು ಸಾಮಾನ್ಯವಾಗಿ ಅಲ್ಲೇ ವಶಕ್ಕೆ ತಗೊಳ್ತಾರೆ. ತಾಯಿಗೆ ಇದು ಮುಂಚೆಯೇ ಗೊತ್ತಿರಲಿ. ಗೊತ್ತಿಲ್ಲದೆ ಕೋರ್ಟಿನ ಅಂಗಳದಲ್ಲಿ ಬಿದ್ದು ಹೊರಳಾಡೋದನ್ನ ನೋಡೋಕಾಗಲ್ಲ. ಅಪರಾಧಿ ಅಂದ ತಕ್ಷಣ ಶಿಕ್ಷೆ ಓದೋದಿಲ್ಲ. ಶಿಕ್ಷೆ ಎಷ್ಟಿರಬೇಕು ಅನ್ನೋದರ ಮೇಲೆ ಬೇರೆಯಾಗಿ ಕೇಳಬೇಕು. ಆಗ 'ಕರುಣೆ ತೋರಿಸಿ ಸ್ವಾಮಿ' ಅನ್ನೋದಕ್ಕಿಂತ ಕಾಗದ ಮಾತಾಡ್ತದೆ: ವಯಸ್ಸಿಗೆ ಮಾರ್ಕ್ಸ್ ಕಾರ್ಡು, ಹಿಂದೆ ಕೇಸಿಲ್ಲ ಅನ್ನೋದು, ಅವನ ದುಡಿಮೆ ನಂಬಿದವರು ಯಾರು, ವಿಚಾರಣೆಯಲ್ಲಿ ಎಷ್ಟು ದಿನ ಜೈಲಿನಲ್ಲಿದ್ದ. ಆ ದಿನಗಳನ್ನು ಶಿಕ್ಷೆಯಲ್ಲಿ ಕಳೀತಾರೆ. ತೀರ್ಪಿನ ಒಂದು ಪ್ರತಿ ಅಪರಾಧಿಗೆ ಪುಕ್ಕಟೆ. ಹೈಕೋರ್ಟಿಗೆ ಮೇಲ್ಮನವಿಗೆ 60 ದಿನ. ಶಿಕ್ಷೆ ಮೂರು ವರ್ಷ ಮೀರದಿದ್ದು, ಅಲ್ಲಿಯವರೆಗೆ ಜಾಮೀನಿನಲ್ಲಿದ್ದರೆ, ಮೇಲ್ಮನವಿ ಹಾಕುವಷ್ಟು ಕಾಲ ಅದೇ ಕೋರ್ಟು ಜಾಮೀನು ಕೊಡಬೇಕು. ಮೀರಿದರೆ ಹೈಕೋರ್ಟಿನಲ್ಲೇ ಕೇಳಬೇಕು.

ನಮ್ಮ ಉದಾಹರಣೆಯ ಹುಡುಗ ಬಿಡುಗಡೆ ಆದ ಅಂತಿಟ್ಟುಕೊಳ್ಳಿ. ದೂರಿನಲ್ಲಿ ಹೆಸರಿಲ್ಲ, ಕಲ್ಲಿನ ಮಾತನ್ನು ತನಿಖಾಧಿಕಾರಿ ಒಪ್ಪಿಲ್ಲ, ಗುಂಪಿನಲ್ಲಿ ಇದ್ದ ಅನ್ನೋದು ಸಂಶಯ. ಸಂಶಯದ ಲಾಭ ಅವನಿಗೆ. ಮೇಲಿನ ಕೋರ್ಟು ಕರೆದರೆ ಬರ್ತೀನಿ ಅಂತ ಆರು ತಿಂಗಳಿಗೆ ಮುಚ್ಚಳಿಕೆ ಬರೆದುಕೊಡಬೇಕು. ದೂರುದಾರರೂ ಸರ್ಕಾರವೂ ಮೇಲ್ಮನವಿಗೆ ಹೋಗಬಹುದು. ಹಾಗಾಗಿ ವಿಳಾಸ ಬದಲಾದರೆ ಲಾಯರಿಗೆ ತಿಳಿಸಿರಬೇಕು.

ಆಮೇಲೆ ಆ ಹುಡುಗ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ, ಸಾರಿಗೆ ಸಂಸ್ಥೆಗೋ ಅರ್ಜಿ ಹಾಕ್ತಾನೆ. ಫಾರಂನಲ್ಲಿ 'ನಿಮ್ಮ ಮೇಲೆ ಯಾವಾಗಲಾದರೂ ಕ್ರಿಮಿನಲ್ ಕೇಸು ಇತ್ತೆ?' ಅಂತಿರ್ತದೆ. ಬಿಟ್ಟರಲ್ಲ ಅಂತ 'ಇಲ್ಲ' ಅಂತ ಬರೆದರೆ, ಕೇಸಿನ ಕಾರಣಕ್ಕಲ್ಲ, ಮುಚ್ಚಿಟ್ಟ ಕಾರಣಕ್ಕೇ ಕೆಲಸ ಹೋಗಬಹುದು. 2016ರಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಬಿಡುಗಡೆಯಾಗಿದ್ದರೂ ಕೇಳಿದ್ದಕ್ಕೆ ನಿಜ ಹೇಳಬೇಕು ಅಂತ ಹೇಳಿತು. ಅಷ್ಟೇ ಅಲ್ಲ, ನಿಜ ಹೇಳಿದ ಮೇಲೂ ಅವನು ಆ ಕೆಲಸಕ್ಕೆ ತಕ್ಕವನೇ ಅಂತ ಪರಿಶೀಲಿಸುವ ಹಕ್ಕು ಕೆಲಸ ಕೊಡೋರಿಗೆ ಇದೆ ಅಂತಲೂ ಹೇಳಿತು. ಆಗ ಅವರು ತೀರ್ಪು ತೆಗೆದು ಓದ್ತಾರೆ. 'ಸಾಕ್ಷಿಗಳೆಲ್ಲ ತಿರುಗಿಬಿದ್ದರು, ಆದ್ದರಿಂದ ಬಿಡುಗಡೆ' ಅಂತ ಅದರಲ್ಲಿದೆಯೋ, 'ದೂರಿನಲ್ಲಿ ಇವನ ಹೆಸರೇ ಇಲ್ಲ, ಆಮೇಲೆ ಸೇರಿಸಿದ್ದು' ಅಂತಿದೆಯೋ, ಅಲ್ಲಿ ಬಹಳ ವ್ಯತ್ಯಾಸ ಆಗ್ತದೆ. ದೃಢೀಕರಿಸಿದ ನಕಲು ಎರಡು ತೆಗೆಸಿ, ಒಂದು ಮನೆಯ ಟ್ರಂಕಿನಲ್ಲಿ, ಒಂದು ಹುಡುಗನ ಮಾರ್ಕ್ಸ್ ಕಾರ್ಡಿನ ಜೊತೆ ಇಡಿ.